ಬಿಜಿ ಇನ್ವೊಕೇಷನ್ ಕೇಸನ್ನ ಒಂದೂವರೆ ಪುಟಕ್ಕೆ ಇಳಿಸಿದ್ದು: ನನ್ನ ಅನುಭವ

ಬ್ಯಾಂಕ್ ಗ್ಯಾರಂಟಿ, ಅಂದ್ರೆ ಬಿಜಿ, ಕಂಟ್ರಾಕ್ಟರ್ ಪರವಾಗಿ ಬ್ಯಾಂಕ್ ಬರ್ಕೊಡೋ ದುಡ್ಡಿನ ಭರವಸೆ; ಆ ದುಡ್ಡು ಕೊಡಿ ಅಂತ ಡಿಮ್ಯಾಂಡ್ ಲೆಟರ್ ಕಳಿಸೋದೇ ಇನ್ವೊಕೇಷನ್. ಅಂಥ ಕೇಸಿನ ಸಮರಿನ ಕಾಂಟ್ರಾಕ್ಟಿಂದ ಶುರು ಮಾಡಬಾರ್ದು, ಗ್ಯಾರಂಟಿ ಕಾಗದ ಮತ್ತೆ ಡಿಮ್ಯಾಂಡ್ ಲೆಟರಿಂದ ಶುರು ಮಾಡ್ಬೇಕು ಅಂತ ನಾನು ಹೇಳಿದಾಗ ಆಫೀಸಲ್ಲಿ ಒಬ್ರೂ ಒಪ್ಪಿರಲಿಲ್ಲ. "ಕಥೆನೇ ಗೊತ್ತಿಲ್ದೆ ಆರ್ಡರ್ ಹೇಗಯ್ಯಾ ಅರ್ಥ ಆಗುತ್ತೆ" ಅಂದ್ರು ಸೀನಿಯರ್. ಅವರ ಮಾತಲ್ಲೂ ನ್ಯಾಯ ಇತ್ತು, ಬೇರೆ ಎಲ್ಲಾ ಕೇಸಿಗೂ ಅದೇ ಸರಿ. ಆದ್ರೆ ಬಿಜಿ ಕೇಸಲ್ಲಿ ಕಥೆ ಮೊದಲು ಓದಿದ್ರೆ ಕಥೆನೇ ನಮ್ಮನ್ನ ಎಳ್ಕೊಂಡು ಹೋಗುತ್ತೆ, ಇದು ನಾನು ದುಡ್ಡು ಕಳ್ಕೊಂಡು ಕಲ್ತಿದ್ದು.

ಮೊದಲು ಆ ಕಳ್ಕೊಂಡಿದ್ದನ್ನೇ ಹೇಳ್ತೀನಿ. ಒಂದು ಬ್ಯಾಂಕಿನ ಲಾ ಆಫೀಸರ್‌ಗೆ ನಾವು ಕೇಸ್ ಸಮರಿ ಬರ್ಕೊಡ್ತಿದ್ವಿ, ಒಂದಕ್ಕೆ ಆಗ ಆರು ಸಾವಿರದ ಹತ್ರ. ಒಂದು ಮೊಬಿಲೈಸೇಷನ್ ಅಡ್ವಾನ್ಸ್ ಗ್ಯಾರಂಟಿ ಕೇಸು ಬಂತು, ಅಂದ್ರೆ ಕೆಲಸ ಶುರು ಮಾಡೋಕೆ ಕಂಟ್ರಾಕ್ಟರ್‌ಗೆ ಕೊಟ್ಟ ಮುಂಗಡಕ್ಕೆ ಪಡೆದ ಗ್ಯಾರಂಟಿ. ಬ್ಯಾಂಕ್ ದುಡ್ಡು ಕೊಡಬಾರ್ದು ಅಂತ ಕಂಟ್ರಾಕ್ಟರ್ ಹಾಕಿದ ಅರ್ಜಿ ಸುಮಾರು ನೂರಿಪ್ಪತ್ತು ಪುಟ, ಅದರಲ್ಲಿ ತೊಂಬತ್ತು ಪುಟ ಸೈಟ್ ಕೊಡ್ಲಿಲ್ಲ, ಡ್ರಾಯಿಂಗ್ ಲೇಟಾಯ್ತು, ಬಿಲ್ ಪಾಸ್ ಮಾಡ್ಲಿಲ್ಲ ಅನ್ನೋ ಜಗಳ, ಕೊನೇಲಿ ಎರಡು ಪ್ಯಾರಾದಲ್ಲಿ "ಇದು ಫ್ರಾಡ್" ಅಂತ. ಕೋರ್ಟ್ ತಡೆಯಾಜ್ಞೆ ಕೊಟ್ಟಿತ್ತು. ನಾನು ಮೂರು ದಿನ ಕೂತು ಓದಿ, ಫ್ರಾಡ್ ಇದೆ ಅಂತ ಮೇಲ್ನೋಟಕ್ಕೆ ಕಂಡಿದ್ರಿಂದ ತಡೆಯಾಜ್ಞೆ ಸಿಕ್ತು ಅಂತ ಬರೆದೆ. ಪೂರ್ತಿ ತಪ್ಪು. ನ್ಯಾಯಾಧೀಶರು ಫ್ರಾಡ್ ವಾದ ತಳ್ಳಿಹಾಕಿದ್ರು, ತಡೆಯಾಜ್ಞೆ ಕೊಟ್ಟಿದ್ದು ಬೇರೆ ಕಾರಣಕ್ಕೆ. ಅದನ್ನ ಲಾ ಆಫೀಸರ್ರೇ ಹಿಡಿದ್ರು. ಆ ಸಮರಿ ಫೀಸ್ ಹೋಗಿದ್ದಲ್ದೆ ಮುಂದೆ ಬರೋದಿದ್ದ ಏಳೆಂಟು ಫೈಲೂ ಹೋಯ್ತು, ಎಲ್ಲಾ ಸೇರಿ ನಲವತ್ತೈದು ಸಾವಿರಕ್ಕೆ ಕಮ್ಮಿ ಇಲ್ಲ. ಆವತ್ತು ಸೀನಿಯರ್ ಮುಖ ನೋಡೋಕೂ ಆಗ್ಲಿಲ್ಲ.

ಆ ಫೈಲ್‌ನೇ ಮತ್ತೆ ಬಿಚ್ಚಿ ಹೊಸ ರೀತಿ ಮಾಡಿದ್ದು, ಅದಕ್ಕೆ ಅದನ್ನೇ ಉದಾಹರಣೆಯಾಗಿ ಇಟ್ಕೋತೀನಿ, ಗುರುತು ಸಿಗೋ ವಿವರ ಬಿಟ್ಟಿದ್ದೀನಿ.

ಗ್ಯಾರಂಟಿ ಮೊತ್ತ ಎರಡು ಕೋಟಿ ನಲವತ್ತು ಲಕ್ಷದಷ್ಟು. ವ್ಯಾಲಿಡಿಟಿ ಜೂನ್ ಕೊನೆವರೆಗೆ, ಕ್ಲೈಮ್ ಪಿರಿಯಡ್ ಅದಾದ್ಮೇಲೆ ಇನ್ನೂ ಮೂರು ತಿಂಗಳು. ಒಂದು ಹಾಳೆ ತಗೊಂಡು ಮಧ್ಯಕ್ಕೊಂದು ಗೆರೆ ಎಳೆದೆ. ಎಡಗಡೆ ಗ್ಯಾರಂಟಿ ಏನು ಕೇಳುತ್ತೆ, ಬಲಗಡೆ ಡಿಮ್ಯಾಂಡ್ ಲೆಟರಲ್ಲಿ ಏನಿದೆ. ನನ್ನ ಮಾತಲ್ಲಿ ಬರೆಯಂಗಿಲ್ಲ, ಕಾಗದದಲ್ಲಿರೋ ಪದಗಳನ್ನೇ ಇಳಿಸ್ಬೇಕು. ಯಾರು ಸಹಿ ಹಾಕ್ಬೇಕು, ಯಾವ ಬ್ರಾಂಚಿಗೆ ಮುಟ್ಟಿಸ್ಬೇಕು, ಯಾವತ್ತೊಳಗೆ, ಎಷ್ಟು, ಮತ್ತೆ ಲೆಟರಲ್ಲಿ ಏನಂತ ಹೇಳ್ಬೇಕು. ಈ ಕೊನೇದನ್ನ ಜನ ಮರೀತಾರೆ. ನಮ್ಮ ಫೈಲಲ್ಲಿ ಮೊದಲ ಸಾಲಲ್ಲಿ "ಯಾವುದೇ ಷರತ್ತಿಲ್ಲದೆ, ತಕರಾರಿಲ್ಲದೆ" ಅಂತ ದಪ್ಪಕ್ಷರದಲ್ಲಿ ಇತ್ತು, ನಾನು ಮೊದಲ ಸಲ ಅದನ್ನೋದಿ ಅಲ್ಲೇ ನಿಂತಿದ್ದೆ. ಆದ್ರೆ ನಾಲ್ಕನೇ ಕ್ಲಾಜಲ್ಲಿ, ವಸೂಲಾಗದೆ ಉಳಿದಿರೋ ಅಡ್ವಾನ್ಸ್ ಎಷ್ಟು ಅಂತ ಇಂಥ ಹುದ್ದೆಯ ಅಧಿಕಾರಿ ಬರವಣಿಗೆಯಲ್ಲಿ ತಿಳಿಸಿದ್ರೆ ಅಷ್ಟನ್ನ ಬ್ಯಾಂಕ್ ಕೊಡುತ್ತೆ ಅಂತಿತ್ತು.

ಈಗ ಬಲಗಡೆ. ಲೆಟರ್‌ಗೆ ಸಹಿ ಹಾಕಿದ್ದು ಆ ಹುದ್ದೆಗಿಂತ ಒಂದು ಮೆಟ್ಟಿಲು ಕೆಳಗಿನ ಎಂಜಿನಿಯರ್. ಉಳಿಕೆ ಎಷ್ಟು ಅನ್ನೋ ಮಾತೇ ಇಲ್ಲ. ಗ್ಯಾರಂಟಿನ ಆರು ತಿಂಗಳು ಎಕ್ಸ್‌ಟೆಂಡ್ ಮಾಡಿ, ಇಲ್ಲಾಂದ್ರೆ ಪೂರ್ತಿ ಮೊತ್ತ ಕಳಿಸಿ, ಅಷ್ಟೇ. ಈ ಎಕ್ಸ್‌ಟೆಂಡ್ ಆರ್ ಪೇ ಲೆಟರ್ ನೀವೆಲ್ಲಾ ನೋಡಿರ್ತೀರ, ವ್ಯಾಲಿಡಿಟಿ ಮುಗಿಯೋಕೆ ನಾಲ್ಕೈದು ದಿನ ಇರುವಾಗ ಗಡಿಬಿಡೀಲಿ ಕಳಿಸಿರ್ತಾರೆ. ಅದು ಬಂತು ಅಂದ ಮಾತ್ರಕ್ಕೆ ಡಿಮ್ಯಾಂಡ್ ಬಿದ್ದುಹೋಗಲ್ಲ, ಆದ್ರೆ ಗ್ಯಾರಂಟಿ ಕೇಳಿದ ಹೇಳಿಕೆ ಅದ್ರೊಳಗಿದೆಯಾ ಅಂತ ಹುಡುಕ್ಲೇಬೇಕು. ಇಲ್ಲಿ ಐದು ಸಾಲಲ್ಲಿ ಎರಡು ಸಾಲು ಖಾಲಿ ಬಿತ್ತು. ಕೇಸಿನ ಉತ್ತರ ಆ ಖಾಲಿ ಜಾಗದಲ್ಲೇ ಕೂತಿತ್ತು, ಇನ್ನೂ ಅರ್ಜಿಯ ಒಂದು ಪುಟಾನೂ ತಿರುವಿರ್ಲಿಲ್ಲ.

ಕೋರ್ಟ್ ಹಿಡಿದಿದ್ದೂ ಅದನ್ನೇ. ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ವರ್ಸಸ್ ಸ್ಟೇಟ್ ಆಫ್ ಬಿಹಾರ್, 1999ರ ಸುಪ್ರೀಂ ಕೋರ್ಟ್ ತೀರ್ಪು ಗೊತ್ತಲ್ಲ, ಅದೂ ಮೊಬಿಲೈಸೇಷನ್ ಅಡ್ವಾನ್ಸ್ ಗ್ಯಾರಂಟಿನೇ, ಗ್ಯಾರಂಟಿ ಇದ್ದಿದ್ದು ಚೀಫ್ ಎಂಜಿನಿಯರ್ ಹೆಸರಿಗೆ, ಇನ್ವೋಕ್ ಮಾಡಿದ್ದು ಎಕ್ಸಿಕ್ಯುಟಿವ್ ಎಂಜಿನಿಯರ್, ಅದು ಸರಿಯಾದ ಇನ್ವೊಕೇಷನ್ ಅಲ್ಲ ಅಂದ್ರು. ಮೇಲುಗಡೆ ಅನ್‌ಕಂಡಿಷನಲ್ ಅಂತ ಬರೆದಿದ್ರೂ ಒಳಗಡೆ ಷರತ್ತಿದ್ರೆ ಷರತ್ತಿರೋ ಗ್ಯಾರಂಟಿನೇ ಅಂತಾನೂ ಅದ್ರಲ್ಲೇ ಇದೆ. ನಮ್ಮ ಆರ್ಡರಲ್ಲಿ ಇದರ ಉಲ್ಲೇಖ ಇತ್ತು, ನಾನು ಮೊದಲ ಸಲ ಅದನ್ನ ಸುಮ್ನೆ ಇನ್ನೊಂದು ಸೈಟೇಷನ್ ಅಂತ ದಾಟಿದ್ದೆ.

ಎರಡನೇ ಹಾಳೆ ಫ್ರಾಡ್‌ಗೆ, ಗ್ಯಾರಂಟಿ ದುಡ್ಡನ್ನ ಕೋರ್ಟ್ ತಡೆಯೋಕೆ ಇರೋ ಎಕ್ಸೆಪ್ಷನ್‌ಗಳಲ್ಲಿ ಇದೊಂದು. ಇದ್ರಲ್ಲಿ ನಾನು ನಾಲ್ಕೇ ಪ್ರಶ್ನೆ ಕೇಳ್ತೀನಿ: ಮೋಸ ಮಾಡಿದ್ದು ಯಾರು, ಯಾವಾಗ, ಯಾವ ಕಾಗದದಲ್ಲಿ, ಮತ್ತೆ ಅದು ಬ್ಯಾಂಕಿಗೆ ಗೊತ್ತಿತ್ತಾ. ಯು.ಪಿ. ಕೋಆಪರೇಟಿವ್ ಫೆಡರೇಷನ್ ವರ್ಸಸ್ ಸಿಂಗ್ ಕನ್ಸಲ್ಟೆಂಟ್ಸ್ ಕೇಸಲ್ಲಿ ನಮ್ಮ ಜಸ್ಟಿಸ್ ಜಗನ್ನಾಥ ಶೆಟ್ಟಿ ಅವರು ಪ್ರತ್ಯೇಕವಾಗಿ ಬರೆದಿದ್ದನ್ನ ಓದಿ, ಇಡೀ ವ್ಯವಹಾರದ ಬುಡಾನೇ ಅಲ್ಲಾಡಿಸೋ ಅಂಥ ಘೋರ ಮೋಸ ಆಗಿರ್ಬೇಕು, ಅದೂ ಬೆನಿಫಿಷಿಯರಿ, ಅಂದ್ರೆ ಗ್ಯಾರಂಟಿ ಯಾರ ಹೆಸರಿಗಿದೆಯೋ ಅವರು, ಮಾಡಿದ ಮೋಸ ಆಗಿರ್ಬೇಕು, ಬೇರೆ ಯಾರೋ ಮಾಡಿದ್ದಲ್ಲ. ನಮ್ಮ ಕಂಟ್ರಾಕ್ಟರ್ ಹೇಳಿದ್ದು ಇಷ್ಟು: ರನ್ನಿಂಗ್ ಬಿಲ್ಲುಗಳಲ್ಲಿ ಒಂದು ಕೋಟಿ ಅರವತ್ತು ಲಕ್ಷ ಆಗ್ಲೇ ಮುರ್ಕೊಂಡಿದ್ದಾರೆ, ಆದ್ರೂ ಪೂರ್ತಿ ಎರಡು ನಲವತ್ತು ಕೇಳ್ತಿದ್ದಾರೆ, ಇದು ಫ್ರಾಡ್. ಕೇಳೋಕೆ ಗಟ್ಟಿಯಾಗೇ ಇದೆ. ಎದುರುಗಡೆಯವರು, ಆ ಮುರಿದಿದ್ದರಲ್ಲಿ ಒಂದು ಭಾಗ ಬಡ್ಡಿಗೆ, ಒಂದು ಭಾಗ ಕೊಟ್ಟ ಸಾಮಾನಿಗೆ ಹೋಗಿದೆ ಅಂದ್ರು. ಅಲ್ಲಿಗೆ ಅದು ಲೆಕ್ಕದ ಜಗಳ ಆಯ್ತು, ಲೆಕ್ಕದ ಜಗಳ ಆರ್ಬಿಟ್ರೇಷನ್‌ಗೆ. ನಾಲ್ಕು ಪ್ರಶ್ನೇಲಿ ಯಾರು ಅನ್ನೋದಕ್ಕೆ ಬಿಟ್ರೆ ಬೇರೆ ಯಾವುದಕ್ಕೂ ಅರ್ಜೀಲಿ ಉತ್ತರ ಇರ್ಲಿಲ್ಲ. ಸಿವಿಲ್ ಕೇಸ್ ನಡೆಸೋ ಕಾನೂನಾದ ಸಿಪಿಸಿಯ ಆರ್ಡರ್ 6 ರೂಲ್ 4 ಪ್ರಕಾರ ಫ್ರಾಡ್ ಅಂದ್ರೆ ವಿವರ ಕೊಡ್ಲೇಬೇಕು, ನ್ಯಾಯಾಧೀಶರು ಎರಡೇ ಸಾಲಲ್ಲಿ ಅದನ್ನ ಹೇಳಿ ಮುಂದೆ ಹೋಗಿದ್ರು. ಹಾಗಂತ ಜಾಸ್ತಿ ಕೇಳಿದ್ದು ಯಾವತ್ತೂ ಫ್ರಾಡ್ ಆಗಲ್ಲ ಅಂತ ಸಮರೀಲಿ ಬರೀಬೇಡಿ, ಈ ದಾಖಲೆ ಮೇಲೆ ಆಗ್ಲಿಲ್ಲ ಅಂತ ಮಾತ್ರ ಬರೀಬೇಕು.

ಇನ್ನೊಂದು ಗಂಟು, ಫ್ರಾಡ್ ಜೊತೆ ಸರಿಪಡಿಸಲಾಗದ ಅನ್ಯಾಯ ಅನ್ನೋದನ್ನೂ ಸೇರಿಸಿ ಒಂದೇ ಪ್ಯಾರಾದಲ್ಲಿ ಅರ್ಜಿ ಹಾಕಿರ್ತಾರೆ. ಅದು ಬೇರೆ ಎಕ್ಸೆಪ್ಷನ್, ಬೇರೆ ಸಾಲು. ನಮ್ಮ ಫೈಲಿನ ಕಂಟ್ರಾಕ್ಟರ್, ಎದುರು ಪಾರ್ಟಿ ಹಣಕಾಸು ಸರಿ ಇಲ್ಲ, ಆಮೇಲೆ ಗೆದ್ರೂ ವಸೂಲಾಗಲ್ಲ ಅಂದಿದ್ರು. 1997ರ ಸುಮ್ಯಾಕ್ ಕೇಸಲ್ಲಿ ಬೆನಿಫಿಷಿಯರಿ ಕಂಪನಿ ನಷ್ಟದಲ್ಲಿ ಮುಳುಗಿ, ಅಂಥ ಕಂಪನಿಗಳನ್ನ ಆಗ ನೋಡ್ಕೋತಿದ್ದ ಬಿಐಎಫ್‌ಆರ್ ಮುಂದೆ ಇದೆ ಅಂತ ತೋರಿಸಿದ್ರೂ ಅಷ್ಟು ಸಾಕಾಗಿರ್ಲಿಲ್ಲ, ಇವರ ಹತ್ರ ಅಷ್ಟೂ ಇರ್ಲಿಲ್ಲ.

ಮೂರನೇ ಹಾಳೆ ಕಾರಣಗಳಿಗೆ, ನಾನು ಮೊದಲು ಎಡವಿದ್ದು ಇಲ್ಲೇ. ಆರ್ಡರ್ ಮೂವತ್ತು ಪುಟ ಇದ್ರೆ ಇಪ್ಪತ್ತು ಪುಟ ಎರಡೂ ಕಡೆ ವಕೀಲರ ವಾದ. "ಫ್ರಾಡ್ ಸ್ಪಷ್ಟವಾಗಿದೆ" ಅನ್ನೋ ವಾಕ್ಯ ನನಗೆ ಸಿಕ್ಕಿದ್ದು ಹನ್ನೊಂದನೇ ಪುಟದಲ್ಲಿ, ಆದ್ರೆ ಆ ಪ್ಯಾರಾ ಶುರುವಾಗಿದ್ದು ಅದಕ್ಕೂ ಒಂದು ಪುಟ ಹಿಂದೆ, ಅರ್ಜಿದಾರರ ವಕೀಲರು ಹೇಳೋದೇನೆಂದ್ರೆ ಅಂತ. ಈಗ ನಾನು ವಾದದ ಪುಟಗಳಿಗೆ ಅಡ್ಡ ಗೆರೆ ಹಾಕ್ಬಿಡ್ತೀನಿ, ನ್ಯಾಯಾಧೀಶರು ತಾವಾಗಿ ಹೇಳಿದ ವಾಕ್ಯ ಮಾತ್ರ ಹಾಳೆಗೆ ಇಳೀಬೇಕು, ಪ್ರತಿ ವಾಕ್ಯದ ಮುಂದೆ ಪ್ಯಾರಾ ನಂಬರ್. ಆಮೇಲೆ ಎದುರು ಪಾರ್ಟಿ ಮಾತು ಕೇಳೋಕೆ ಮುಂಚೆ, ಸದ್ಯಕ್ಕೆ ಇದ್ದಂಗೇ ಇರ್ಲಿ ಅಂತ ಮೊದಲು ಸಿಕ್ಕಿದ ಎಕ್ಸ್-ಪಾರ್ಟೆ ಸ್ಟೇಟಸ್ ಕೋ ಆರ್ಡರ್ ಬೇರೆ, ವಾದ ಕೇಳಿದ್ಮೇಲಿನ ಆರ್ಡರ್ ಬೇರೆ. ಮೊದಲನೇದ್ರಲ್ಲಿ ಒಂದು ಪ್ಯಾರಾ ಇತ್ತು, ಫ್ರಾಡ್ ಆರೋಪ ಇದೆ, ದುಡ್ಡು ಹೋದ್ರೆ ಅರ್ಜಿನೇ ವ್ಯರ್ಥ ಆಗುತ್ತೆ ಅಂತ. ಎರಡನೇ ಆರ್ಡರಲ್ಲಿ ಆ ಕಾರಣ ಉಳೀಲೇ ಇಲ್ಲ, ತಡೆಯಾಜ್ಞೆ ಮಾತ್ರ ಉಳೀತು, ಅದೂ ಆ ಒಂದು ಲೆಟರಿಗಷ್ಟೇ, ಗ್ಯಾರಂಟಿಗೆ ಅಲ್ಲ. ಷರತ್ತಿನ ಪ್ರಕಾರ ಹೊಸ ಡಿಮ್ಯಾಂಡ್ ಮಾಡೋಕೆ ಸ್ವಾತಂತ್ರ್ಯ ಇದೆ ಅಂತ ಕೊನೇ ಪ್ಯಾರಾದಲ್ಲಿತ್ತು. ಬ್ಯಾಂಕಿಗೆ ಬೇಕಾಗಿದ್ದು ಈ ಒಂದು ಸಾಲು, ನನ್ನ ಹಳೇ ಸಮರೀಲಿ ಇಲ್ಲದ್ದೂ ಇದೇ ಸಾಲು.

ಮಧ್ಯೆ ಬೇರೆ ಪ್ರಯೋಗಾನೂ ಮಾಡ್ದೆ. ನಾಲ್ಕು ಬಣ್ಣದ ಹೈಲೈಟರ್ ಹಾಕಿ ನೋಡ್ದೆ, ಮೂರನೇ ದಿನಕ್ಕೆ ಎಲ್ಲಾ ಪುಟಾನೂ ಹೋಳಿ ಹಬ್ಬ, ಬಿಟ್ಟೆ. ಉಪಯೋಗಕ್ಕೆ ಬಂದಿದ್ದು ಇನ್ನೊಂದು: ಮೊದಲನೇ ಹಾಳೆ ಮಾತ್ರ ಇಬ್ಬರು ಜೂನಿಯರ್ಸ್ ಕೈಗೆ ಕೊಟ್ಟು, ಬೇರೇನೂ ಹೇಳ್ದೆ, ಬ್ಯಾಂಕ್ ದುಡ್ಡು ಕೊಡಬಹುದಾ ಅಂತ ಕೇಳೋದು. ಹತ್ತು ಹನ್ನೆರಡು ಹಳೇ ಫೈಲಲ್ಲಿ ಮಾಡ್ಸಿದೆ, ಎಂಟೊಂಬತ್ತರಲ್ಲಿ ಅವರು ಹೇಳಿದ್ದೂ ಕೋರ್ಟ್ ಹೇಳಿದ್ದೂ ಒಂದೇ ಆಯ್ತು. ತಪ್ಪಿದ ಕೇಸುಗಳಲ್ಲಿ ನಾನು ಗ್ಯಾರಂಟಿ ತಿದ್ದುಪಡಿ ಪತ್ರ ನೋಡದೆ ಹಳೇ ಷರತ್ತು ಇಳಿಸಿದ್ದೆ. ಅಲ್ಲಿಂದ ಎಕ್ಸ್‌ಟೆನ್ಷನ್ ಲೆಟರುಗಳೆಲ್ಲಾ ಎದುರಿಗೆ ಬರೋವರೆಗೆ ಹಾಳೆಗೆ ಪೆನ್ ಇಡಲ್ಲ. ಆರ್ಡರಲ್ಲಿ ಸ್ವಂತ ಮಾತು ಎಲ್ಲಿ ಶುರುವಾಗುತ್ತೆ ಅಂತ ಅರ್ಧ ನಿಮಿಷದಲ್ಲಿ ಹಿಡಿಯೋಕೆ ನನ್ನದೊಂದು ಗುರುತಿದೆ, ಅದನ್ನ ಸದ್ಯಕ್ಕೆ ನನ್ನ ಹತ್ರಾನೇ ಇಟ್ಕೊಂಡಿರ್ತೀನಿ.

ಮೂರು ಹಾಳೆ ಆದ್ಮೇಲೆ ಬರೆಯೋದು ಒಂದೂವರೆ ಪುಟ. ಮೊದಲ ಸಾಲು, ಬ್ಯಾಂಕ್ ಈಗ ಏನು ಮಾಡಬಹುದು ಏನು ಮಾಡಂಗಿಲ್ಲ. ಆಮೇಲೆ ಷರತ್ತು ಮತ್ತೆ ಲೆಟರ್, ಆಮೇಲೆ ಫ್ರಾಡ್ ಯಾಕೆ ನಿಲ್ಲಲಿಲ್ಲ, ಆಮೇಲೆ ತಡೆಯಾಜ್ಞೆ ಕಾರಣ ಪ್ಯಾರಾ ನಂಬರ್ ಸಮೇತ. ಸೈಟ್ ಕಥೆ ನಾಲ್ಕು ಸಾಲು, ಕೊನೇಲಿ. ಸೀನಿಯರ್ ಕೊನೇವರೆಗೂ ಅದನ್ನ ಮೇಲೆ ತಗೊಂಬಾ ಅಂತಿದ್ರು, ನಾನು ತರ್ಲಿಲ್ಲ. ಮುಂಚೆ ಮೂರು ದಿನ ಹಿಡೀತಿತ್ತು, ಈಗ ಊಟದೊಳಗೆ ಮುಗಿಯುತ್ತೆ, ಫೀಸೂ ಹದಿನೈದು ಸಾವಿರದ ಹತ್ರ ಬಂದಿದೆ.

ಆ ಫೈಲನ್ನ ಹೀಗೆ ತಿದ್ದಿ ಫೀಸ್ ಕೇಳ್ದೆ ಲಾ ಆಫೀಸರ್‌ಗೆ ಕಳಿಸಿದ್ದೆ. ಕಳಿಸಿ ಸುಮಾರು ಹತ್ತು ದಿನಕ್ಕೆ, ಕ್ಲೈಮ್ ಪಿರಿಯಡ್ ಇನ್ನೂ ಇರುವಾಗ್ಲೇ, ಹೊಸ ಡಿಮ್ಯಾಂಡ್ ಬಂತು. ಸರಿಯಾದ ಅಧಿಕಾರಿ ಸಹಿ, ಉಳಿಕೆ ಒಂದು ಕೋಟಿ ಹತ್ತು ಲಕ್ಷ ಅಂತ ಸ್ಪಷ್ಟವಾಗಿ. ಕಂಟ್ರಾಕ್ಟರ್ ಮತ್ತೆ ಕೋರ್ಟಿಗೆ ಹೋದ್ರು, ನೋಡಿ ಮೊದಲು ಎರಡು ನಲವತ್ತು ಕೇಳಿದವರು ಈಗ ಒಂದು ಹತ್ತು ಅಂತಿದ್ದಾರೆ, ಇದೇ ಫ್ರಾಡ್‌ಗೆ ಸಾಕ್ಷಿ ಅಂತ. ಈ ಸಲ ಮಧ್ಯಂತರ ಆದೇಶಾನೂ ಸಿಗ್ಲಿಲ್ಲ, ಎರಡನೇ ಲೆಟರ್ ಗ್ಯಾರಂಟಿ ಷರತ್ತಿಗೆ ಸರಿಯಾಗಿದೆ, ಉಳಿದಿದ್ದು ಲೆಕ್ಕ ಅಂದ್ರು. ಬ್ಯಾಂಕ್ ಆ ವಾರವೇ ದುಡ್ಡು ಕಟ್ಟಿತು, ಲಾ ಆಫೀಸರ್ ಫೋನ್ ಮಾಡಿ ಈ ಹೊಸ ಆರ್ಡರ್ ಸಮರಿನೂ ನೀವೇ ಮಾಡಿ ಅಂದ್ರು.