ಜೋರ್ಡನ್ ರೂಪ: ನಾನು ಸರಪಳಿಯನ್ನು ಮೇಲಿನ ತುದಿಯಿಂದ ಕಟ್ಟುವುದೇಕೆ

ಜೋರ್ಡನ್ ರೂಪ ಎಂದರೆ ಕರ್ಣದಲ್ಲಿ ಐಗನ್‌ವ್ಯಾಲ್ಯೂ, ಅದರ ಮೇಲೆ 1 ಇರುವ ಬ್ಲಾಕ್‌ಗಳನ್ನು ಕರ್ಣದುದ್ದಕ್ಕೂ ಜೋಡಿಸಿದ ಮ್ಯಾಟ್ರಿಕ್ಸ್. ಅದನ್ನು ಕೈಯಲ್ಲಿ ಕಟ್ಟುವಾಗ ಲೆಕ್ಕ ಸಿಕ್ಕಿಹಾಕಿಕೊಳ್ಳುವ ಜಾಗ ಹೆಚ್ಚುಕಡಿಮೆ ಒಂದೇ. ಐಗನ್‌ವೆಕ್ಟರ್ ಹುಡುಕುವುದು ಯಾರಿಗೂ ಕಷ್ಟವಲ್ಲ. ಸರಪಳಿ ಎಂದರೆ ಐಗನ್‌ವೆಕ್ಟರ್ ಬುಡದಲ್ಲಿದ್ದು, ಮೇಲಿನ ಪ್ರತಿ ವೆಕ್ಟರನ್ನೂ A − λI ಅದರ ಕೆಳಗಿನದಕ್ಕೆ ಇಳಿಸುವ ಸಾಲು; A ನಮ್ಮ ಮ್ಯಾಟ್ರಿಕ್ಸ್, λ ಅದರ ಐಗನ್‌ವ್ಯಾಲ್ಯೂ. ಬುಡದಿಂದ ಸರಪಳಿಯ ಮುಂದಿನ ವೆಕ್ಟರ್ ಹುಡುಕಲು ಹೊರಟರೆ ಸಮೀಕರಣಕ್ಕೆ ಪರಿಹಾರವೇ ಇರುವುದಿಲ್ಲ. ಆಗ ಲೆಕ್ಕದಲ್ಲಿ ತಪ್ಪಿದೆಯೇನೋ ಎಂದು ಹಿಂದಕ್ಕೆ ಹೋಗಿ ಹುಡುಕುತ್ತೇವೆ. ತಪ್ಪು ಇರುವುದಿಲ್ಲ, ಹೊರಟ ದಿಕ್ಕು ಮಾತ್ರ ತಿರುಗಾಮುರುಗ. ಇದನ್ನು ನಾನು ತೋರಿಸುವುದು ಈ ಮ್ಯಾಟ್ರಿಕ್ಸ್‌ನಿಂದ:

```
A = [  3   2   3 ]
    [  1   4   3 ]
    [ -1  -2  -1 ]
```

ಇದರ ಲಕ್ಷಣ ಬಹುಪದಿ λ³ − 6λ² + 12λ − 8, ಅಂದರೆ (λ − 2)³. ಐಗನ್‌ವ್ಯಾಲ್ಯೂ 2 ಒಂದೇ, ಅದೂ ಮೂರು ಸಲ. ಇಲ್ಲಿಂದ ಮುಂದೆ ನಾನು A ಕಡೆ ನೋಡುವುದೇ ಕಡಿಮೆ. ಕೆಲಸವೆಲ್ಲ N = A − 2I ಮೇಲೆ:

```
N = [  1   2   3 ]
    [  1   2   3 ]
    [ -1  -2  -3 ]
```

ಮೂರೂ ಸಾಲು ಒಂದೇ ಸಾಲಿನ ಗುಣಕಗಳು, ಹಾಗಾಗಿ ರ‍್ಯಾಂಕ್ 1. N ಸೊನ್ನೆಗೆ ಕಳಿಸುವ ವೆಕ್ಟರ್‌ಗಳೇ A ಯ ಐಗನ್‌ವೆಕ್ಟರ್‌ಗಳು. ಅವಕ್ಕೆ ಇರುವ ಷರತ್ತು x + 2y + 3z = 0 ಒಂದೇ, ಆದ್ದರಿಂದ ಪರಸ್ಪರ ಸ್ವತಂತ್ರವಾದವು ಎರಡು ಸಿಗುತ್ತವೆ. ಬೇಕಿದ್ದದ್ದು ಮೂರು. ಒಂದು ಕಡಿಮೆ ಬಿದ್ದಿತು, ಕರ್ಣ ಮ್ಯಾಟ್ರಿಕ್ಸ್ ಆಗುವ ಆಸೆ ಅಲ್ಲಿಗೆ ಮುಗಿಯಿತು. ಐಗನ್‌ವೆಕ್ಟರ್‌ಗಳ ಸಂಖ್ಯೆ ಎಷ್ಟೋ ಬ್ಲಾಕ್‌ಗಳ ಸಂಖ್ಯೆಯೂ ಅಷ್ಟೇ. ಎರಡು ಬ್ಲಾಕ್ ಸೇರಿ ಗಾತ್ರ 3 ಆಗಬೇಕಾದರೆ 2 ಮತ್ತು 1 ಎಂದಲ್ಲದೆ ಬೇರೆ ದಾರಿಯಿಲ್ಲ. ಅಂದರೆ ವೆಕ್ಟರ್ ಒಂದೂ ಕಟ್ಟದೆ J ಏನೆಂದು ಆಗಲೇ ಗೊತ್ತಾಯಿತು:

```
J = [ 2  1  0 ]
    [ 0  2  0 ]
    [ 0  0  2 ]
```

ಇನ್ನು P ಬೇಕು, ಅಂದರೆ A P = P J ಆಗುವಂಥ, ವಿಲೋಮ ಇರುವ ಮ್ಯಾಟ್ರಿಕ್ಸ್. ತರಗತಿಯಲ್ಲಿ ಸಾಮಾನ್ಯವಾಗಿ ಕಲಿಸುವ ಕ್ರಮ ಹೀಗಿರುತ್ತದೆ: ಐಗನ್‌ವೆಕ್ಟರ್ v ತೆಗೆದುಕೊ, ಆಮೇಲೆ N w = v ಬಿಡಿಸಿ w ಕಂಡುಹಿಡಿ. ಸರಿ, y ಮತ್ತು z ಗೆ ಎಂದಿನಂತೆ 1, 0 ಹಾಕಿದರೆ ಬರುವ ಐಗನ್‌ವೆಕ್ಟರ್‌ಗಳು (−2, 1, 0) ಮತ್ತು (−3, 0, 1). ಮೊದಲನೆಯದನ್ನು ಹಿಡಿದು N w = (−2, 1, 0) ಬರೆಯಿರಿ. ಮೊದಲ ಸಾಲು x + 2y + 3z = −2 ಎನ್ನುತ್ತದೆ, ಎರಡನೆಯದು ಅದೇ ಮೊತ್ತ 1 ಎನ್ನುತ್ತದೆ. ಪರಿಹಾರವಿಲ್ಲ. ಎರಡನೆಯ ಐಗನ್‌ವೆಕ್ಟರ್ ಹಿಡಿದರೆ ಒಂದು ಸಾಲು −3, ಇನ್ನೊಂದು 0. ಅದಕ್ಕೂ ಇಲ್ಲ. ಇರುವ ಎರಡು ಐಗನ್‌ವೆಕ್ಟರ್‌ಗಳೂ ಕೈಕೊಟ್ಟವು, ಆದರೆ ಗಾತ್ರ 2ರ ಬ್ಲಾಕ್ ಇದ್ದೇ ಇದೆ ಎಂದು ಎಣಿಕೆ ಹೇಳುತ್ತಿದೆ!

ಕಾರಣ ಸರಳ. N w ಎಂಬುದು ಯಾವಾಗಲೂ N ನ ಕಾಲಮ್‌ಗಳ ಮಿಶ್ರಣ. ಇಲ್ಲಿನ ಕಾಲಮ್‌ಗಳೆಲ್ಲ (1, 1, −1) ರ ಗುಣಕಗಳು, ಹಾಗಾಗಿ N w ಕೂಡ ಆ ಒಂದು ಗೆರೆ ಬಿಟ್ಟು ಕದಲುವುದಿಲ್ಲ. ಐಗನ್‌ವೆಕ್ಟರ್‌ಗಳದು ಒಂದು ಇಡೀ ಸಮತಲ. ಅದರಲ್ಲಿ ಸರಪಳಿಯ ಬುಡವಾಗಬಲ್ಲದ್ದು ಈ ಒಂದೇ ಗೆರೆ. ನಮ್ಮ ಎರಡನ್ನೂ ಕಳೆದು ನೋಡಿ: (−2, 1, 0) − (−3, 0, 1) = (1, 1, −1). ಬೇಕಾದದ್ದು ಆ ಎರಡರ ಮಿಶ್ರಣದಲ್ಲಿತ್ತು, ಬಿಡಿಬಿಡಿಯಾಗಿ ಯಾವುದರಲ್ಲೂ ಇರಲಿಲ್ಲ. a, b ಎಂಬ ಅಜ್ಞಾತಗಳನ್ನಿಟ್ಟು ಈ ಮಿಶ್ರಣವನ್ನು ಹುಡುಕಬಹುದು, ಕೆಲವರು ಹಾಗೇ ಮಾಡುತ್ತಾರೆ. ನನಗೆ ಅದು ಸುತ್ತುಬಳಸಿನ ದಾರಿ.

ನಾನು ಮೇಲಿನಿಂದ ಇಳಿಯುತ್ತೇನೆ. N ಸೊನ್ನೆಗೆ ಕಳಿಸದ ಯಾವುದಾದರೂ w ಸಾಕು. ಅತಿ ಸುಲಭದ್ದೆಂದರೆ (1, 0, 0). N w ಎಂದರೆ N ನ ಮೊದಲ ಕಾಲಮ್, (1, 1, −1). ಬಿಡಿಸಲು ಸಮೀಕರಣವೇ ಇಲ್ಲ, ಬರೀ ಗುಣಾಕಾರ. N² = 0 ಆಗಿರುವುದರಿಂದ ಹೀಗೆ ಬಂದ v = N w ತಾನಾಗಿಯೇ ಐಗನ್‌ವೆಕ್ಟರ್, ಅದೂ ಸರಪಳಿಗೆ ಒಗ್ಗುವ ಐಗನ್‌ವೆಕ್ಟರ್. ಗಾತ್ರ 1ರ ಬ್ಲಾಕಿಗೆ v ಯ ಗುಣಕವಲ್ಲದ ಇನ್ನೊಂದು ಐಗನ್‌ವೆಕ್ಟರ್ ಬೇಕು. ಆಗ ಕೈಕೊಟ್ಟ (−2, 1, 0) ಇಲ್ಲಿ ಕೆಲಸಕ್ಕೆ ಬರುತ್ತದೆ. ಇವನ್ನು v, w, u ಕ್ರಮದಲ್ಲಿ ಕಾಲಮ್‌ಗಳಾಗಿ ನಿಲ್ಲಿಸಿದರೆ:

```
P = [  1  1  -2 ]
    [  1  0   1 ]
    [ -1  0   0 ]
```

ಪರೀಕ್ಷೆಗೆ P ಯ ವಿಲೋಮ ತೆಗೆಯುವ ಗೋಜಿಗೆ ನಾನು ಹೋಗುವುದಿಲ್ಲ. ಡಿಟರ್ಮಿನೆಂಟ್ ಸೊನ್ನೆಯಲ್ಲ ಎಂದು ನೋಡಿಕೊಂಡು (ಇಲ್ಲಿ −1), A P = P J ಎಂಬುದನ್ನು ಕಾಲಮ್ ಕಾಲಮ್ ಆಗಿ ತಾಳೆ ನೋಡುತ್ತೇನೆ. A v = (2, 2, −2), ಅದು 2v. A w ಎಂದರೆ A ಯ ಮೊದಲ ಕಾಲಮ್ (3, 1, −1), ಅದು v + 2w. A u = (−4, 2, 0), ಅದು 2u. ಮುಗಿಯಿತು. ಮಧ್ಯದ ಆ ಸಾಲೇ J ಯಲ್ಲಿನ 1ರ ಅರ್ಥ: A ಯು w ವನ್ನು ಎರಡರಷ್ಟು ಮಾಡಿ, ಜೊತೆಗೆ ಒಂದು v ಸೇರಿಸುತ್ತದೆ.

ಇಲ್ಲಿ ಎರಡು ಕಡೆ ಕೈ ಜಾರುತ್ತದೆ. ಒಂದು, ಕಾಲಮ್‌ಗಳ ಕ್ರಮ. ಸರಪಳಿಯ ಬುಡ, ಅಂದರೆ ಐಗನ್‌ವೆಕ್ಟರ್, ಎಡಕ್ಕೆ ಬರಬೇಕು. w, v ಎಂದು ತಿರುಗಿಸಿದರೆ 1 ಕರ್ಣದ ಕೆಳಗೆ ಬರುತ್ತದೆ. ಕೆಲವು ಪುಸ್ತಕಗಳು ಆ ರೂಪವನ್ನೇ ಬಳಸುತ್ತವೆ, ಅದು ತಪ್ಪೇನಲ್ಲ. ಆದರೆ P ಒಂದು ಪದ್ಧತಿಯದು, J ಇನ್ನೊಂದರದು ಆಗಬಾರದು. ಇನ್ನೊಂದು, ಅಂದಗೊಳಿಸುವ ಚಟ. w ಆಗಿ (0, 1, 0) ತೆಗೆದುಕೊಂಡಿದ್ದರೆ N w = (2, 2, −2) ಬರುತ್ತಿತ್ತು. ಐಗನ್‌ವೆಕ್ಟರನ್ನು ಚಿಕ್ಕದು ಮಾಡುವ ಅಭ್ಯಾಸಬಲದಿಂದ ಅದನ್ನು (1, 1, −1) ಎಂದು ಬರೆದು w ವನ್ನು ಹಾಗೇ ಬಿಟ್ಟರೆ J ಯಲ್ಲಿ 1ರ ಜಾಗದಲ್ಲಿ 2 ಕೂರುತ್ತದೆ. ಭಾಗಿಸುವುದಾದರೆ ಇಡೀ ಸರಪಳಿಯನ್ನು ಭಾಗಿಸಬೇಕು. ಬಿಡಿ ಐಗನ್‌ವೆಕ್ಟರಿಗೆ ಇದ್ದ ಸ್ವಾತಂತ್ರ್ಯ ಸರಪಳಿಯೊಳಗಿನದಕ್ಕೆ ಇಲ್ಲ.

ಗಾತ್ರ 3ರವರೆಗೆ ಐಗನ್‌ವೆಕ್ಟರ್‌ಗಳನ್ನು ಎಣಿಸಿದರೆ ಸಾಕು, ಬ್ಲಾಕ್‌ಗಳು ಗೊತ್ತಾಗುತ್ತವೆ. 4ಕ್ಕೆ ಬಂದರೆ ಸಾಲದು: ಎರಡು ಐಗನ್‌ವೆಕ್ಟರ್ ಎಂದರೆ 2 + 2 ಇರಬಹುದು, 3 + 1 ಇರಬಹುದು. ಇದನ್ನು ನೋಡಿ, ಐಗನ್‌ವ್ಯಾಲ್ಯೂ 5 ನಾಲ್ಕು ಸಲ:

```
B = [ 5  1  1  0 ]
    [ 0  5  0  1 ]
    [ 0  0  5  0 ]
    [ 0  0  0  5 ]
```

ಇಲ್ಲಿ N = B − 5I. e1, e2, e3, e4 ಎಂದು ಮೂಲ ದಿಕ್ಕುಗಳನ್ನು ಕರೆದರೆ N ಮಾಡುವುದಿಷ್ಟೇ: e1 ಸೊನ್ನೆಗೆ, e2 ಮತ್ತು e3 ಎರಡೂ e1ಕ್ಕೆ, e4 ಹೋಗಿ e2ಕ್ಕೆ. ನಾನು N, N², N³ ಗಳ ರ‍್ಯಾಂಕ್ ಬರೆದುಕೊಳ್ಳುತ್ತೇನೆ. I ಯಿಂದ ಶುರುಮಾಡಿದರೆ 4, 2, 1, 0. ಪಕ್ಕಪಕ್ಕದವನ್ನು ಕಳೆದರೆ 2, 1, 1. ಮೊದಲ ವ್ಯತ್ಯಾಸ ಒಟ್ಟು ಬ್ಲಾಕ್ ಎಷ್ಟೆಂದು ಹೇಳುತ್ತದೆ, ಎರಡನೆಯದು ಗಾತ್ರ 2 ಅಥವಾ ಅದಕ್ಕಿಂತ ದೊಡ್ಡವು ಎಷ್ಟೆಂದು, ಮೂರನೆಯದು 3 ಅಥವಾ ಅದಕ್ಕಿಂತ ದೊಡ್ಡವು ಎಷ್ಟೆಂದು. ಹಾಗಾಗಿ ಇದು 3 + 1. 2 + 2 ಆಗಿದ್ದರೆ N² ಸೊನ್ನೆಯಾಗಿರುತ್ತಿತ್ತು.

ಬುಡದಿಂದ ಮೇಲಕ್ಕೆ ಹತ್ತುವುದು ಎಷ್ಟು ಅಪಾಯ ಎಂಬುದು ಈ B ಯಲ್ಲಿ ಇನ್ನೂ ಸ್ಪಷ್ಟ. ಸರಿಯಾದ ಐಗನ್‌ವೆಕ್ಟರ್ e1 ಅನ್ನೇ ಹಿಡಿದೆವು ಎನ್ನಿ. N w = e1 ಗೆ e3 ಒಂದು ಪರಿಹಾರ, ತಪ್ಪೇನೂ ಇಲ್ಲ. ಮುಂದಿನದಕ್ಕೆ N x = e3 ಬರೆದರೆ ಪರಿಹಾರವಿಲ್ಲ, ಏಕೆಂದರೆ N ಕೊಡುವ ಫಲಗಳಲ್ಲಿ e1, e2 ಗಳ ಮಿಶ್ರಣ ಬಿಟ್ಟು ಇನ್ನೇನೂ ಇಲ್ಲ. e2 ಆರಿಸಿದ್ದರೆ ದಾರಿ e4 ವರೆಗೂ ಹೋಗುತ್ತಿತ್ತು. ಬುಡ ಸರಿಯಿದ್ದರೂ ನಡುವಿನ ಆಯ್ಕೆ ಕೆಡಿಸಬಹುದು. ಮೇಲಿನಿಂದ ಬಂದರೆ ಈ ಆಯ್ಕೆಯೇ ಎದುರಾಗುವುದಿಲ್ಲ: N² ಸೊನ್ನೆಗೆ ಕಳಿಸದ ವೆಕ್ಟರ್ ಒಂದು ಬೇಕು, e4 ಇದೆ; N e4 = e2, N² e4 = e1. ಸರಪಳಿ ಸಿದ್ಧ. ಉಳಿದ ಬ್ಲಾಕಿಗೆ e1 ನ ಗುಣಕವಲ್ಲದ ಐಗನ್‌ವೆಕ್ಟರ್, (0, 1, −1, 0). P ಯ ಕಾಲಮ್‌ಗಳು e1, e2, e4, ಆಮೇಲೆ ಇದು.

ಸಮಾನ ಉದ್ದದ ಸರಪಳಿಗಳು ಎರಡಿದ್ದರೆ ಒಂದು ಎಚ್ಚರ ಬೇಕು. ಎರಡು ತುದಿಗಳು ಸ್ವತಂತ್ರವಾಗಿದ್ದರೆ ಸಾಲದು, ಬುಡಗಳು ಸ್ವತಂತ್ರವಾಗಿರಬೇಕು. 2 + 2 ರಲ್ಲಿ ಮೊದಲ ತುದಿಗೆ ಒಂದು ಐಗನ್‌ವೆಕ್ಟರ್ ಕೂಡಿಸಿ ಎರಡನೆಯ ತುದಿ ಎಂದುಕೊಂಡರೆ, ತುದಿಗಳು ಬೇರೆಯಾಗಿ ಕಂಡರೂ N ಎರಡನ್ನೂ ಒಂದೇ ಬುಡಕ್ಕೆ ತಂದು ನಿಲ್ಲಿಸುತ್ತದೆ, P ಯ ಡಿಟರ್ಮಿನೆಂಟ್ ಸೊನ್ನೆಯಾಗುತ್ತದೆ. ಬುಡಗಳೆಲ್ಲ ಸ್ವತಂತ್ರವಾಗಿದ್ದರೆ ಮೇಲಿನವು ತಾವಾಗಿಯೇ ಸ್ವತಂತ್ರ, ಬೇರೆ ಪರೀಕ್ಷೆ ಬೇಡ.

ಇಷ್ಟೆಲ್ಲ ಮಾಡಿದ ಮೇಲೆ ನನಗೆ ಬೇಕಿರುವುದು ಸಾಮಾನ್ಯವಾಗಿ A ಯ ಘಾತ. ತಮಾಷೆಯೆಂದರೆ ಮೊದಲ ಉದಾಹರಣೆಯಲ್ಲಿ ಅದಕ್ಕೆ P ಬೇಕಾಗಲೇ ಇಲ್ಲ. A = 2I + N, N² = 0, ಆದ್ದರಿಂದ Aⁿ = 2ⁿ I + n 2ⁿ⁻¹ N. n = 2 ಹಾಕಿದರೆ ಮೊದಲ ಸಾಲು 8, 8, 12; A ಯನ್ನು ನೇರವಾಗಿ ಗುಣಿಸಿದರೂ ಅದೇ. ಐಗನ್‌ವ್ಯಾಲ್ಯೂ ಒಂದೇ ಇರುವಾಗ ಈ ಅಡ್ಡದಾರಿ ಸದಾ ಉಂಟು. ಬೇರೆ ಬೇರೆ ಐಗನ್‌ವ್ಯಾಲ್ಯೂಗಳು ಸೇರಿದ್ದರೆ ಅದು ಇಷ್ಟು ನೇರವಾಗಿ ನಡೆಯುವುದಿಲ್ಲ, ಆಗ ನಾನು P ಗೇ ಹೋಗುತ್ತೇನೆ.

ಕಂಪ್ಯೂಟರಿನಲ್ಲಿ ತಾಳೆ ನೋಡಲು ನಾನು ಬಳಸುವುದು SymPy:

```
from sympy import Matrix
A = Matrix([[3,2,3],[1,4,3],[-1,-2,-1]])
P, J = A.jordan_form()
print(J, A*P == P*J)
```

ಅದು ಕೊಡುವ P ನಮ್ಮದಕ್ಕಿಂತ ಬೇರೆಯಿರಬಹುದು, ಬ್ಲಾಕ್‌ಗಳ ಕ್ರಮವೂ ಬೇರೆಯಿರಬಹುದು. ಸರಪಳಿಗಳ ಆಯ್ಕೆ ಒಂದೇ ಅಲ್ಲವಾದ್ದರಿಂದ ಅದು ಸಹಜ.

ಮ್ಯಾಟ್ರಿಕ್ಸ್‌ಗೆ ಪೂರ್ಣಾಂಕ ಅಥವಾ ಭಿನ್ನರಾಶಿಗಳನ್ನೇ ಕೊಡಬೇಕು. ಅಳತೆಯಿಂದ ಬಂದ ದಶಮಾಂಶಗಳಿಗೆ ಜೋರ್ಡನ್ ರೂಪ ಕೇಳುವುದರಲ್ಲಿ ಅರ್ಥವಿಲ್ಲ. ಗಾತ್ರ 2ರ, ಕರ್ಣದಲ್ಲಿ 2 ಇರುವ ಬ್ಲಾಕಿನ ಎಡ ಕೆಳಮೂಲೆಯ ಸೊನ್ನೆಯನ್ನು ε ಎಂದು ಬದಲಿಸಿ ನೋಡಿ: ಐಗನ್‌ವ್ಯಾಲ್ಯೂಗಳು 2 + √ε ಮತ್ತು 2 − √ε ಆಗುತ್ತವೆ. ε = 10⁻¹² ಇದ್ದರೂ ಅವು 2 ರಿಂದ 10⁻⁶ ದೂರ ಸರಿಯುತ್ತವೆ, ಮ್ಯಾಟ್ರಿಕ್ಸ್ ಕರ್ಣರೂಪಕ್ಕೆ ಬಂದೇಬಿಡುತ್ತದೆ, ಬ್ಲಾಕ್ ಮಾಯವಾಗುತ್ತದೆ. ಸಂಖ್ಯಾತ್ಮಕ ಲೆಕ್ಕದಲ್ಲಿ 1.99999 ಮತ್ತು 2.00001 ರಂಥ ಜೋಡಿಯೂ, ಒಂದಕ್ಕೊಂದು ಹೆಚ್ಚುಕಡಿಮೆ ಸಮಾಂತರವಾದ ಐಗನ್‌ವೆಕ್ಟರ್‌ಗಳೂ ಕಂಡರೆ ಹಿಂದೆ ಇಂಥ ಬ್ಲಾಕ್ ಇರಬಹುದೆಂದು ನಾನು ಅನುಮಾನಿಸುತ್ತೇನೆ. ಆಗ ಸರಪಳಿ ಕಟ್ಟಲು ಹೋಗದೆ ಶುರ್ ರೂಪಕ್ಕೆ ತಂದು, ಮೇಲ್ತ್ರಿಕೋನ ಮ್ಯಾಟ್ರಿಕ್ಸ್‌ನಲ್ಲೇ ಮುಂದಿನ ಲೆಕ್ಕ ಮಾಡುತ್ತೇನೆ.