ಗಾರೆ ಗೋಡೆಗೆ ಭಾರದ ಫೋಟೋ ಹಾಕೋ ಮುಂಚೆ

ಫೋಟೋ ಬಿದ್ದು ಗಾಜು ಒಡೆದ್ರೆ ಎಲ್ರೂ ಮೊಳೇನ ಬೈತಾರೆ, ಆದ್ರೆ ಬಿದ್ದಿರೋ ಮೊಳೆ ಎತ್ಕೊಂಡು ನೋಡಿ, ಹೆಚ್ಚಿನ ಸಲ ಅದು ನೆಟ್ಟಗೇ ಇರತ್ತೆ, ಪಕ್ಕದಲ್ಲಿ ಒಂದು ಹಿಡಿ ಗಾರೆ ಪುಡಿ ಬಿದ್ದಿರತ್ತೆ. ಅಂದ್ರೆ ಕೈಕೊಟ್ಟಿದ್ದು ಗೋಡೆ ಮೇಲಿನ ಪ್ಲಾಸ್ಟರ್. ಮೊಳೆ ಪ್ಲಾಸ್ಟರಲ್ಲಿ ಮಾತ್ರ ನಿಂತಿತ್ತು, ಇಟ್ಟಿಗೆ ತನಕ ಹೋಗಿರ್ಲೇ ಇಲ್ಲ. ಸಣ್ಣ ಫೋಟೋಗೆ ಇದು ನಡೆಯತ್ತೆ, ಭಾರದ್ದಕ್ಕೆ ಖಂಡಿತ ನಡೆಯಲ್ಲ. ಅದಕ್ಕೇ ಸುತ್ತಿಗೆ ಹಿಡಿಯೋ ಮುಂಚೆ ಎರಡು ವಿಷಯ ತಿಳ್ಕೊಳ್ಳಿ, ಫೋಟೋ ತೂಕ ಎಷ್ಟು, ಪ್ಲಾಸ್ಟರ್ ಎಷ್ಟು ದಪ್ಪ.

ತೂಕ ನೋಡೋದು ಸುಲಭ. ಮನೇಲಿ ನಿಂತು ತೂಕ ನೋಡ್ಕೊಳ್ಳೋ ಮಷಿನ್ ಇದ್ರೆ ಮೊದ್ಲು ನೀವೊಬ್ರೇ ನಿಂತ್ಕೊಳ್ಳಿ, ಆಮೇಲೆ ಫೋಟೋ ಎತ್ಕೊಂಡು ನಿಂತ್ಕೊಳ್ಳಿ, ವ್ಯತ್ಯಾಸ ಎಷ್ಟೋ ಅಷ್ಟು. ಕೈಯಲ್ಲಿ ಎತ್ತಿ ಅಂದಾಜು ಮಾಡ್ಬೇಡಿ, ಯಾಕಂದ್ರೆ ಭಾರ ಇರೋದು ಬಹಳಷ್ಟು ಗಾಜಲ್ಲಿ. 8×10 ಇಂಚಿನ ಫೋಟೋ ಅರ್ಧ ಕೆಜಿ ಆಸುಪಾಸು ಇರತ್ತೆ, 12×18 ಇಂಚಿಂದು ಒಂದೂವರೆ ಕೆಜಿ ಆಗ್ಬಹುದು, ಆದ್ರೆ ಅಜ್ಜನ ಕಾಲದ 20×30 ಇಂಚಿನ ಫೋಟೋ ದಪ್ಪ ಗಾಜು, ತೇಗದ ಕಟ್ಟು, ಹಿಂದೆ ಹಲಗೆ ಎಲ್ಲಾ ಸೇರಿ 7 ಕೆಜಿ ಮುಟ್ಟಿಬಿಡತ್ತೆ. ಗಾಜು 2 ಮಿಮೀ ಇದ್ದಿದ್ದು 4 ಮಿಮೀ ಆದ್ರೆ ಗಾಜಿನ ಭಾರ ಸೀದಾ ಎರಡು ಪಟ್ಟು.

ನನ್ನ ತಂಗಿ ಮನೆ ಮೈಸೂರಲ್ಲಿದೆ, ಹಳೇ ಮನೆ, ಇಟ್ಟಿಗೆ ಗೋಡೆ, ಸುಣ್ಣದ ಗಾರೆ. ಹಾಲ್ ಸುತ್ತ ಬಾಗಿಲಿಗಿಂತ ಒಂಚೂರು ಮೇಲೆ ಮರದ ಪಟ್ಟಿ ಹೊಡ್ದಿದಾರೆ. ಹಿಂದೆ ಇಂಥಾ ಪಟ್ಟಿ ಹಾಕ್ತಿದ್ದಿದ್ದೇ ಫೋಟೋ ನೇತು ಹಾಕೋಕೆ, ಇಂಗ್ಲಿಷರ ಕಾಲದ ಬಂಗಲೆಗಳಲ್ಲಿ ಈಗ್ಲೂ ಕಾಣತ್ತೆ, ಪಿಕ್ಚರ್ ರೈಲ್ ಅಂತಾರೆ. ಪಟ್ಟಿ ಮೇಲ್ತುದೀಲಿ ಉದ್ದಕ್ಕೂ ಒಂದು ತೋಡು ಇರತ್ತೆ, ಎಸ್ ಆಕಾರದ ಹಿತ್ತಾಳೆ ಕೊಕ್ಕೆಯ ಒಂದು ತುದಿ ಅದಕ್ಕೆ ಕೂರತ್ತೆ, ಇನ್ನೊಂದು ತುದಿಯಿಂದ ಚೈನೋ ವೈರೋ ಇಳಿಸಿ ಫೋಟೋ ಕಟ್ಟಬೇಕು. ಫೋಟೋ ಜಾಗ ಬದಲಾಯಿಸ್ಬೇಕಾದ್ರೆ ಕೊಕ್ಕೆ ಸರಿಸಿದ್ರೆ ಸಾಕು, ಗೋಡೆಗೆ ಒಂದು ತೂತೂ ಬೀಳಲ್ಲ. ಸುಣ್ಣದ ಗಾರೆಗೆ ಇದಕ್ಕಿಂತ ಒಳ್ಳೇ ವ್ಯವಸ್ಥೆ ನಾನಂತೂ ನೋಡಿಲ್ಲ, ದಯವಿಟ್ಟು ಪೇಂಟ್ ಮಾಡ್ಸೋವಾಗ ಹಳೇ ಕಾಲದ್ದು ಅಂತ ಕಿತ್ತು ಹಾಕಿಸ್ಬೇಡಿ.

ಆ ಪಟ್ಟಿಗೆ ಅವಳು ನಮ್ಮ ತಾತನ 7 ಕೆಜಿ ಫೋಟೋ ಒಂದು, ಮದುವೆ ಗ್ರೂಪ್ ಫೋಟೋ ಎರಡು ಹಾಕ್ಬೇಕು ಅಂದ್ಳು. ಗ್ರೂಪ್ ಫೋಟೋ ಒಂದೊಂದೂ ಒಂದೂವರೆ ಕೆಜಿ, ಅದಕ್ಕೇನೂ ಯೋಚನೆ ಇಲ್ಲ. ದೊಡ್ಡದಕ್ಕೆ ಮಾತ್ರ ಮೊದ್ಲು ಪಟ್ಟೀನ ಪರೀಕ್ಷೆ ಮಾಡ್ಬೇಕು. ಅರ್ಧ ಅಡಿಗೊಂದು ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ತಾ ಹೋಗಿ, ಗಟ್ಟಿ ಮರ ಟಕ್ ಅನ್ನತ್ತೆ, ಗೆದ್ದಲು ತಿಂದಿದ್ರೆ ಮಂಕಾಗಿ ಪೊಳ್ಳು ಸದ್ದು ಬರತ್ತೆ, ಅಲ್ಲಿ ಮೊನೆ ಒತ್ತಿದ್ರೆ ಒಳಗೇ ಇಳಿದುಬಿಡತ್ತೆ. ಆಮೇಲೆ ಸ್ಟೂಲ್ ಮೇಲೆ ನಿಂತು ಪಟ್ಟೀನ ಎರಡೂ ಕೈಲಿ ಹಿಡಿದು ಕೆಳಕ್ಕೆ ಜಗ್ಗಿ, ಪಟ್ಟಿಗೂ ಗೋಡೆಗೂ ಮಧ್ಯೆ ಕೂದಲೆಳೆಯಷ್ಟು ಸಂದು ಬಿಟ್ರೂ ಅದರ ಹಿಡಿತ ಹೋಗಿದೆ ಅಂತಲೇ ಅರ್ಥ. ಹಳೇ ಕಾಲದಲ್ಲಿ ಗೋಡೆ ಒಳಗೆ ಮರದ ಬೆಣೆ ಹೂತು ಅದಕ್ಕೆ ಪಟ್ಟಿ ಮೊಳೆ ಹೊಡೀತಿದ್ರು, ಆ ಬೆಣೆ ಒಣಗಿ ಸಣ್ಣ ಆಗಿ ಸಡಿಲ ಆಗಿರತ್ತೆ. ತಂಗಿ ಮನೇಲಿ ಎಡಗಡೆ ತುದಿ ಗೆದ್ದಲು ತಿಂದಿತ್ತು, ಅದನ್ನ ಬಿಟ್ವಿ. ಮಧ್ಯದ ಭಾಗದಲ್ಲಿ ಮರ ಚೆನ್ನಾಗಿತ್ತು ಆದ್ರೆ ಜಗ್ಗಿದ್ರೆ ಒಂಚೂರು ಅಲ್ಲಾಡ್ತಿತ್ತು, ಅದನ್ನ ಗೋಡೆಗೆ ಹೊಸದಾಗಿ ಬಿಗಿ ಮಾಡ್ಸಿದ್ವಿ. ಆ ವಿಧಾನವನ್ನೇ ಸರಿಯಾಗಿ ಹೇಳ್ತೀನಿ, ಪಟ್ಟಿ ಇಲ್ಲದ ಮನೇಲಿ ಗೋಡೆಗೇ ನೇರ ಸ್ಕ್ರೂ ಹಾಕೋದಾದ್ರೂ ಇದೇ.

ಗಾರೆ ಗೋಡೆಗೆ ದೊಡ್ಡ ಮೊಳೆ ಸುತ್ತಿಗೇಲಿ ಬಡೀಬೇಡಿ. ಸುಣ್ಣದ ಗಾರೆ ಸಿಮೆಂಟಿನ ಹಾಗೆ ಗಡಸಲ್ಲ, ಏಟಿನ ಅದುರಿಗೆ ಇಟ್ಟಿಗೆಯಿಂದ ಬಿಟ್ಕೊಂಡು ಅಂಗೈ ಅಗಲ ಹಪ್ಪಳದ ಥರ ಎದ್ದು ಬಿಡತ್ತೆ. ಬೆರಳಲ್ಲಿ ತಟ್ಟಿ ನೋಡಿ, ಮೊದ್ಲೇ ಪೊಳ್ಳು ಸದ್ದು ಬರೋ ಜಾಗ ಆದ್ರೆ ಅಲ್ಲಿಂದ ಪಕ್ಕಕ್ಕೆ ಸರೀರಿ. ಡ್ರಿಲ್ ಬಳಸಿ, ಅದ್ರಲ್ಲಿ ಹ್ಯಾಮರ್ ಬಟನ್ ಆಫ್ ಮಾಡಿ ಬರೀ ತಿರುಗಿಸ್ತಾ ನಿಧಾನಕ್ಕೆ ಶುರು ಮಾಡಿ, 8 ಮಿಮೀ ಬಿಟ್ ಸಾಕು. ಕೆಳಗೆ ಒಂದು ಪೇಪರ್ ಹಿಡೀರಿ ಅಂತ ಯಾರಿಗಾದ್ರೂ ಹೇಳಿ, ಬೀಳೋ ಪುಡಿ ಬಣ್ಣ ನೋಡ್ತಾ ಇರ್ಬೇಕು. ಮೊದ್ಲು ಬೆಳ್ಳಗೆ ಉದುರತ್ತೆ, ಅದು ಗಾರೆ. ಕೆಂಪು ಪುಡಿ ಶುರುವಾದ ತಕ್ಷಣ ನಿಲ್ಲಿಸಿ, ತೂತಿನ ಆಳ ಅಳೀರಿ, ನಿಮ್ಮ ಪ್ಲಾಸ್ಟರ್ ದಪ್ಪ ಅಷ್ಟು. ತಂಗಿ ಮನೇಲಿ ಅದು ಒಂದು ಇಂಚಿತ್ತು. ಕೆಂಪು ಪುಡಿ ಬರದೇ ಒಳಗೆ ಒಳಗೆ ಹೋದ್ರೂ ಬಿಳಿ ಪುಡೀನೇ ಬರ್ತಿದ್ರೆ ನೀವು ಎರಡು ಇಟ್ಟಿಗೆ ಮಧ್ಯದ ಸಂದಿಗೆ ಬಿದ್ದಿದೀರಿ ಅಂತ, ಅಲ್ಲಿ ಭಾರ ತಡಿಯಲ್ಲ, ಒಂದೂವರೆ ಇಂಚು ಮೇಲಕ್ಕೋ ಕೆಳಕ್ಕೋ ಹೋದ್ರೆ ಇಟ್ಟಿಗೆ ಸಿಗತ್ತೆ. ಈಗಿನ ಸಿಮೆಂಟ್ ಪ್ಲಾಸ್ಟರ್, ಸಿಮೆಂಟ್ ಬ್ಲಾಕ್ ಗೋಡೇಲಿ ಎಲ್ಲಾ ಬೂದಿ ಬಣ್ಣವೇ, ಪುಡಿ ನೋಡಿ ಗೊತ್ತಾಗಲ್ಲ, ಆದ್ರೆ ಅಲ್ಲಿ ಪ್ಲಾಸ್ಟರ್ ಸಾಮಾನ್ಯ ಅರ್ಧ ಇಂಚಿನಷ್ಟೇ ಇರತ್ತೆ ಮತ್ತೆ ಗಟ್ಟಿ.

ಇಟ್ಟಿಗೆ ಒಳಗೆ ಎರಡು ಇಂಚು ಹೋಗೋ ತನಕ ತೂತು ಕೊರೀರಿ, ಊದಿ ಪುಡಿ ಪೂರ್ತಿ ತೆಗೀರಿ, ಪುಡಿ ಉಳಿದ್ರೆ ಸ್ಕ್ರೂ ಹಿಡ್ಕೊಳ್ಳೋಕೆ ತೂತಿಗೆ ತೂರಿಸೋ ಪ್ಲಾಸ್ಟಿಕ್ ಪ್ಲಗ್ ತಿರುಗತ್ತೆ. ಇನ್ನು ಬಹಳ ಜನ ಬಿಟ್ಟುಬಿಡೋ ವಿಷಯ ಒಂದಿದೆ, ಪ್ಲಾಸ್ಟಿಕ್ ಪ್ಲಗ್ಗನ್ನ ಗೋಡೆ ಮೇಲ್ಮೈಗೆ ಸಮ ಮಾಡಿ ನಿಲ್ಲಿಸ್ತಾರೆ, ಆಗ ಅದು ಅರ್ಧ ಗಾರೆಯಲ್ಲೇ ಇರತ್ತೆ, ಸ್ಕ್ರೂ ತಿರುಗಿಸಿದಾಗ ಅಲ್ಲೇ ಹಿಗ್ಗಿ ಗಾರೇನ ಒಡೆದು ಹಾಕತ್ತೆ. ಪ್ಲಗ್ಗನ್ನ ಒಂದು ಮೊಳೆಯಿಂದ ನೂಕಿ ಪ್ಲಾಸ್ಟರ್ ದಾಟಿ ಇಟ್ಟಿಗೆ ಒಳಗೆ ಕೂರಿಸ್ಬೇಕು. ಹಾಗಾಗಿ ಸ್ಕ್ರೂ ಉದ್ದ ಬೇಕಾಗತ್ತೆ, ಒಂದು ಇಂಚು ಗಾರೆ, ಒಂದೂವರೆ ಇಂಚು ಪ್ಲಗ್, ಹೊರಗೆ ಕೊಕ್ಕೆಗೆ ಅಂತ ಅರ್ಧ ಇಂಚು, ಒಟ್ಟು ಮೂರು ಇಂಚು. ಪಟ್ಟಿ ಬಿಗಿ ಮಾಡೋದಾದ್ರೆ ಪಟ್ಟಿ ದಪ್ಪಾನೂ ಸೇರಿಸಿ ಲೆಕ್ಕ ಹಾಕಿ. ತಾತನ ಫೋಟೋ ಬರೋ ಎರಡು ಕೊಕ್ಕೆ ಪಕ್ಕದಲ್ಲೇ ಒಂದೊಂದು ಇಂಥ ಸ್ಕ್ರೂ ಹಾಕಿಸಿದ್ವಿ, ಭಾರ ಪಟ್ಟಿಯಿಂದ ನೇರ ಇಟ್ಟಿಗೆಗೆ ಹೋಗ್ಲಿ ಅಂತ. ಹಾಂ, ಸ್ವಿಚ್ ಬೋರ್ಡಿಗೆ ನೇರ ಮೇಲೆ ಕೆಳಗೆ ಅಥವಾ ಸಾಲಲ್ಲಿ ಪಕ್ಕಕ್ಕೆ ಎಲ್ಲೂ ಡ್ರಿಲ್ ಇಡಬೇಡಿ, ಗೋಡೆ ಒಳಗಿನ ವೈರ್ ಪೈಪ್ ಅಲ್ಲೇ ಹೋಗಿರತ್ತೆ, ಬಚ್ಚಲುಮನೆ ಗೋಡೇಲಿ ನೀರಿನ ಪೈಪ್ ಇರತ್ತೆ.

ಇನ್ನು ದಾರ. ಫೋಟೋ ಹಿಂದೆ ಎರಡು ರಿಂಗ್‌ಗೆ ದಾರ ಬಿಗಿಯಾಗಿ ಎಳೆದು ಕಟ್ಟಿದ್ರೆ ಗಟ್ಟಿ ಅಂತ ಅನ್ಸತ್ತೆ, ಆಗೋದು ಉಲ್ಟಾ. ರಿಂಗ್ ಮಧ್ಯೆ 16 ಇಂಚು ಇದ್ದು, ದಾರ ಮಧ್ಯದಲ್ಲಿ ಬರೀ ಒಂದೂವರೆ ಇಂಚು ಮೇಲೆ ಬರೋ ಹಾಗೆ ಬಿಗಿ ಕಟ್ಟಿದ್ರೆ 7 ಕೆಜಿ ಫೋಟೋಗೆ ದಾರದ ಒಂದೊಂದು ಕಡೇನೂ 19 ಕೆಜಿ ಎಳೆತ ಬೀಳತ್ತೆ, ರಿಂಗ್ ಸ್ಕ್ರೂ ಹಳೇ ಮರದಿಂದ ಕಿತ್ಕೊಂಡು ಬರೋದು ಇದಕ್ಕೇ. ಅದೇ ಸಡಿಲ ಬಿಟ್ಟು 4 ಇಂಚು ಮೇಲೆ ಬರೋ ಹಾಗೆ ಕಟ್ಟಿದ್ರೆ 8 ಕೆಜಿ ಹತ್ರ ನಿಲ್ಲತ್ತೆ. ಅದಕ್ಕಿಂತ ಒಳ್ಳೇದು ಅಂದ್ರೆ ಎರಡು ಕೊಕ್ಕೆ, ಎರಡು ವೈರ್, ನೇರ ಕೆಳಕ್ಕೆ, ಆಗ ಒಂದೊಂದಕ್ಕೆ ಬರೀ ಮೂರೂವರೆ ಕೆಜಿ, ಫೋಟೋನೂ ಓರೆ ಆಗಲ್ಲ. ತಾತನ ಫೋಟೋಗೆ ಹೀಗೇ ಮಾಡಿದ್ದು. ರಿಂಗ್ ಹಾಕೋ ಜಾಗ ಫ್ರೇಮಿನ ಮೇಲಿಂದ ಮೂರನೇ ಒಂದು ಭಾಗದಲ್ಲಿ, ಪಕ್ಕದ ಕಟ್ಟುಗಳಿಗೇ ಹಾಕಿ, ಹಿಂದಿನ ಹಲಗೆಗೆ ಬೇಡ. ನೈಲಾನ್ ದಾರ ಬಿಸಿಲಿಗೆ ಪುಡಿಯಾಗತ್ತೆ, ಹತ್ತಿ ದಾರ ಇಲಿ ಕಡಿಯತ್ತೆ, ಹೆಣೆದ ಸ್ಟೀಲ್ ವೈರ್ ತಗೊಳ್ಳಿ, ರಿಂಗಿಗೆ ಎರಡು ಸುತ್ತು ಹಾಕಿ ತುದೀನ ಅದರ ಮೇಲೇ ಸುರುಳಿ ತಿರುಚಿ.

ಸ್ವಲ್ಪ ಮುಂದಕ್ಕೆ ಬಾಗಿದ್ರೆ ಚೆಂದ ಅನ್ನೋದು ನನ್ನ ಅಭಿಪ್ರಾಯ, ಕೆಳಗೆ ನಿಂತವರಿಗೆ ಗಾಜಿನ ಹೊಳಪು ಹೊಡಿಯದೇ ಮುಖ ಕಾಣತ್ತೆ. ಹಿಂದೆ ಕೆಳಗಡೆ ಎರಡು ಮೊಳೆ ಮೇಲೆ ಫೋಟೋ ಕೂರಿಸಿ ಮೇಲೆ ದಾರ ಕಟ್ತಿದ್ದಿದ್ದು ಇದಕ್ಕೇ, ಭಾರ ಕೆಳಗಿನ ಮೊಳೆಗಳು ಹೊರ್ತಿದ್ವು, ಮೇಲಿನ ದಾರ ಬರೀ ಮುಂದೆ ಬೀಳದ ಹಾಗೆ ಹಿಡೀತಿತ್ತು, ಆ ಸಂದೀಲಿ ಗುಬ್ಬಚ್ಚಿ ಗೂಡು ಕಟ್ತಿದ್ವು. ಮಲೆನಾಡು, ಕರಾವಳಿ ಕಡೆಯವರು ಫೋಟೋನ ಗೋಡೆಗೆ ಅಂಟಿಸಿದ ಹಾಗೆ ಹಾಕ್ಲೇಬೇಡಿ, ಮಳೆಗಾಲದಲ್ಲಿ ಹಿಂದೆ ಬೂಷ್ಟು ಹಿಡಿದು ಫೋಟೋ ಗಾಜಿಗೆ ಅಂಟ್ಕೊಂಡು ಬಿಡತ್ತೆ. ಕೆಳಗಿನ ಎರಡು ಮೂಲೆಗೆ ಹಿಂದೆ ರಬ್ಬರ್ ಬಟನ್ ಅಂಟಿಸಿ, ಗಾಳಿ ಆಡತ್ತೆ. ಅಲ್ಲಿ ಕಬ್ಬಿಣದ ಮೊಳೆ ಬೇಡ, ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಹಾಕಿ.

ಅರ್ಧ ಕೆಜಿ ಒಳಗಿನ ಸಣ್ಣ ಫೋಟೋಗೆ ಇಷ್ಟೆಲ್ಲಾ ಬೇಡ, ಹಾರ್ಡ್‌ವೇರ್ ಅಂಗಡೀಲಿ ಹಿತ್ತಾಳೆ ಹುಕ್ ಜೊತೆ ಸಣ್ಣ ತೆಳ್ಳನೆ ಮೊಳೆ ಬರತ್ತೆ, ಹುಕ್ಕಿನ ತೂತಿನ ಮೂಲಕ ಮೊಳೆ ಓರೆಯಾಗಿ ಕೆಳಮುಖ ಇಳಿಯತ್ತೆ, ಸಣ್ಣ ಸುತ್ತಿಗೇಲಿ ಮೆಲ್ಲಗೆ ಹೊಡೀರಿ. ಅಂಟಿಸೋ ಹುಕ್ ಸುಣ್ಣ, ಡಿಸ್ಟೆಂಪರ್ ಬಳಿದ ಗೋಡೆಗೆ ನಿಲ್ಲಲ್ಲ, ಬಣ್ಣದ ಸಮೇತ ಎದ್ದು ಬರತ್ತೆ. ಸಿಮೆಂಟ್ ಗೋಡೆಗೆ ಒಂದೂವರೆ ಕೆಜಿ ತನಕ ಕಾಂಕ್ರೀಟ್ ಮೊಳೆ ಆಗತ್ತೆ, ಮಾಮೂಲಿ ಮೊಳೆ ಬಾಗತ್ತೆ. ಮೊಳೆ ಹೊಡೆದಾಗ ಚಿಮ್ಮಿ ವಾಪಸ್ ಬರ್ತಿದ್ರೆ ಅದು ಪಿಲ್ಲರೋ ಬೀಮೋ, ಅಲ್ಲಿ ಹ್ಯಾಮರ್ ಆನ್ ಮಾಡಿ ಡ್ರಿಲ್ಲೇ ಬೇಕು.

ಹಾರ ಹಾಕೋ ಫೋಟೋ ಆದ್ರೆ ಹಾರಕ್ಕೆ ಅಂತ ಪಕ್ಕದಲ್ಲಿ ಬೇರೆ ಎರಡು ಸಣ್ಣ ಹುಕ್ ಹಾಕಿ, ಹಬ್ಬದ ದಿನ ಹಳೇ ಹಾರ ಎಳೆಯೋವಾಗ ಫೋಟೋ ಕೊಕ್ಕೆ ಜರುಗತ್ತೆ, ಹೂವಿನ ನೀರಿಗೆ ಮೊಳೆ ತುಕ್ಕು ಹಿಡಿಯತ್ತೆ. ಭಾರದ ಫೋಟೋ ಹಾಕಿದ ಎರಡು ವಾರಕ್ಕೆ ಒಂದ್ಸಲ ಟಾರ್ಚ್ ಹಿಡಿದು ಸ್ಕ್ರೂ ಸುತ್ತ ನೋಡಿ. ಸ್ಕ್ರೂ ಮೇಲ್ಗಡೆ ಕಮಾನಿನ ಥರ ತೆಳು ಬಿರುಕು ಬಂದಿದ್ರೆ ಅಥವಾ ಕೆಳಗೆ ನೆಲದ ಮೇಲೆ ಬಿಳಿ ಪುಡಿ ಉದುರಿದ್ರೆ ಹಿಡಿತ ಗಾರೆಯಲ್ಲೇ ಇದೆ ಅಂತ, ಅವತ್ತೇ ಇಳಿಸಿ ಪ್ಲಗ್ ಒಳಗೆ ನೂಕಿ ಉದ್ದದ ಸ್ಕ್ರೂ ಹಾಕಿ.