ಮೆಂತ್ಯ ನೀರು ಕುಡಿದು ಕಾಳು ಎಸೆಯಬೇಡಿ

ಬಸವನಗುಡಿಯ ನಮ್ಮ ಅತ್ತೆ ವರ್ಷಗಳಿಂದ ಬೆಳಗ್ಗೆ ಮೆಂತ್ಯ ನೆನೆಸಿದ ನೀರು ಕುಡಿಯುತ್ತಿದ್ದರು. ನೆನೆದ ಕಾಳು ಮಾತ್ರ ಗಿಡದ ಬುಡಕ್ಕೆ ಹೋಗುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ಶುಗರ್ ವಿಷಯದಲ್ಲಿ ಮುಖ್ಯ ಕೆಲಸ ಮಾಡುವುದು ಆ ಕಾಳೇ.

ಮೆಂತ್ಯದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನಾರು. ಅದರಲ್ಲಿ ನೀರಿಗೆ ಲೋಳೆಯಾಗುವ ಭಾಗದ ಹೆಸರು ಗ್ಯಾಲಕ್ಟೋಮನ್ನಾನ್. ಈ ಲೋಳೆ ಹೊಟ್ಟೆಯಲ್ಲಿ ಇಡ್ಲಿ, ಅನ್ನದ ಜೊತೆ ಬೆರೆತರೆ ಅವುಗಳ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಅಂದರೆ ಅದು ಊಟದ ಜೊತೆಗೇ ಒಳಗೆ ಹೋಗಬೇಕು, ಖಾಲಿ ಹೊಟ್ಟೆಗೆ ಕುಡಿದು ಎರಡು ಗಂಟೆ ಬಿಟ್ಟು ತಿಂಡಿ ತಿಂದರೆ ಆ ಲಾಭ ಕಡಿಮೆ. ಇನ್ನು ಕಹಿಗೆ ಒಂದು ಕಾರಣ ಕಾಳಿನಲ್ಲೇ ಇರುವ ಸಪೋನಿನ್ ಎಂಬ ರಾಸಾಯನಿಕಗಳು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇವುಗಳ ಪರಿಣಾಮ ಕಂಡಿದೆ, ಆದರೆ ಮನುಷ್ಯರಲ್ಲಿ ಇವೇ ಶುಗರ್ ಇಳಿಸುತ್ತವೆ ಅನ್ನಲು ಗಟ್ಟಿ ಆಧಾರವಿಲ್ಲ. ಕಹಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದು ಸುಮ್ನೆ ಕಷ್ಟಪಡಬೇಡಿ.

ಮಾಡುವುದು ಹೀಗೆ. ರಾತ್ರಿ ಒಂದು ಟೀ ಚಮಚ, ಅಂದರೆ ಸುಮಾರು 4 ಗ್ರಾಂ ಕಾಳನ್ನು ಅರ್ಧ ಲೋಟ ನೀರಿನಲ್ಲಿ ನೆನೆಸಿ. ಬೆಳಗ್ಗೆ ಅದೇ ನೀರಿನ ಜೊತೆ ರುಬ್ಬಿ. ಬೆರಳಿಗೆ ಜಾರುವಂಥ ಲೋಳೆ ಬಂದರೆ ಸರಿಯಾಗಿದೆ. ಮಜ್ಜಿಗೆಗೆ ಕಲಸಿ ತಿಂಡಿಯ ಜೊತೆ ಕುಡಿಯಿರಿ. ಒಂದು ವಾರ ಹೊಟ್ಟೆ ಉಬ್ಬರ, ಭೇದಿ ಇಲ್ಲದಿದ್ದರೆ ನಿಧಾನವಾಗಿ ದಿನಕ್ಕೆ ಎರಡೂವರೆ ಚಮಚದವರೆಗೆ ಹೋಗಬಹುದು, ಅದನ್ನು ಎರಡು ಊಟಕ್ಕೆ ಹಂಚಿಕೊಳ್ಳಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 1990ರ ಅಧ್ಯಯನದಲ್ಲಿ ಕೊಟ್ಟಿದ್ದು ಕೊಬ್ಬು ತೆಗೆದ ಮೆಂತ್ಯ ಪುಡಿ, ದಿನಕ್ಕೆ 100 ಗ್ರಾಂ! ಮನೆಯಲ್ಲಿ ಅಷ್ಟು ಆಗದ ಮಾತು. 2014ರಲ್ಲಿ ಹತ್ತು ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಖಾಲಿ ಹೊಟ್ಟೆಯ ಶುಗರ್ ಸರಾಸರಿ 17 mg/dLನಷ್ಟು ಇಳಿದಿತ್ತು, ಅದೂ ಮುಖ್ಯವಾಗಿ ದಿನಕ್ಕೆ 5 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟ ಕಡೆ. ಆದರೆ ಹೆಚ್ಚಿನ ಪ್ರಯೋಗಗಳು ಚಿಕ್ಕವು, ಗುಣಮಟ್ಟವೂ ಅಷ್ಟಕ್ಕಷ್ಟೇ. ಇದನ್ನು ನಂಬಿ ಮಾತ್ರೆ ಬಿಡಬೇಡಿ.

ನಿಮಗೆ ಕೆಲಸ ಮಾಡುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ಮೂರು ದಿನ ಮೆಂತ್ಯ ಇಲ್ಲದೆ, ಮೂರು ದಿನ ಮೆಂತ್ಯದ ಜೊತೆ, ಅದೇ ಮೂರು ಇಡ್ಲಿ, ಅಷ್ಟೇ ಚಟ್ನಿ ತಿಂದು, ಸರಿಯಾಗಿ ಎರಡು ಗಂಟೆಯ ನಂತರ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದಿಡಿ. ಮೀಟರ್ ಶೇ 15ರಷ್ಟು ಆಚೀಚೆ ತೋರಿಸಬಹುದು, ಅಂದರೆ 180 ಇದ್ದಾಗ 27ರಷ್ಟು ವ್ಯತ್ಯಾಸ. ಹಾಗಾಗಿ ಒಂದು ದಿನ 180, ಇನ್ನೊಂದು ದಿನ 170 ಬಂದರೆ ಅದಕ್ಕೆ ಅರ್ಥವಿಲ್ಲ. ಮೂರೂ ದಿನ ಒಂದೇ ಕಡೆ ವಾಲಿ, ಸರಾಸರಿಯಲ್ಲಿ 30–40 ಕಡಿಮೆ ಬಂದರೆ ಆಗ ನಂಬಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಿಯೇ ಶುರುಮಾಡಿ, ನಡುಕ, ಬೆವರು ಬಂದರೆ ಮೊದಲು ಶುಗರ್ ನೋಡಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರೂ ಡಾಕ್ಟರಿಗೆ ಹೇಳಿಯೇ ಶುರುಮಾಡಿ. ಬಸುರಿಯರಿಗೆ ಅಡುಗೆಯ ಒಗ್ಗರಣೆಯಷ್ಟು ಸಾಕು.